ಬೀಗ ಬೀಳದ ಒಂದು ಕತೆ

ಹೆಂಡತಿಯ ಮೇಲೆ ಅನುಮಾನ ಪಡುವ ಗಂಡಸರು ಯಾವ ಊರಲ್ಲಿಲ್ಲ? ಆದರೆ ಮುಖವಿಲ್ಲದ, ಊರಿಲ್ಲದ, ಬರೀ ದನಿಯಷ್ಟೇ ಇದ್ದ ಗಂಡಸಿನ ಮೇಲೆ ಹೊಟ್ಟೆ ಉರಿಸಿಕೊಂಡವನು ಕಮಲಾಪುರದಲ್ಲಿ ಮಲ್ಕಪ್ಪನೊಬ್ಬನೇ ಇರಬೇಕು. ತಪ್ಪು ಅವನದೇ. ಆ ದನಿಯನ್ನು ಕೈಯಾರೆ ಮನೆಗೆ ತಂದವನು ಅವನೇ.

ಮಲ್ಕಪ್ಪ ಕಲಬುರಗಿಯ ಕಾಲೇಜೊಂದರಲ್ಲಿ ಗುಮಾಸ್ತ. ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆ ಬಸ್ಸಿಗೇ ಬರುತ್ತಿದ್ದ. ಹೆಂಡತಿ ಚಂದಮ್ಮ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ಒಂದು ದಿನ, "ಕೈಗೆ ಕೆಲಸ ಅದರೀ, ಕಿವಿಗೆ ಏನೂ ಇಲ್ಲ" ಅಂದಳು. ಅದು 2009ನೇ ಇಸವಿ. ಹಾಡು ಕೇಳುವ ಮೊಬೈಲುಗಳು ಆಗಷ್ಟೇ ಅಗ್ಗವಾಗಿದ್ದವು. ಮಲ್ಕಪ್ಪ ತನ್ನ ಹೆಸರಿನ ಸಿಮ್ಮು ಹಾಕಿ ಅವಳಿಗೊಂದು ಫೋನು ಕೊಡಿಸಿದ. ಆ ಕಂಪನಿಯದೊಂದು ಕತೆ-ಹಾಡಿನ ಪ್ಲಾನ್ ಇತ್ತು. ತಿಂಗಳಿಗಿಷ್ಟು ಅಂತ ಕಟ್ಟಿದರೆ ಬೇಕಾದಷ್ಟು ಇಳಿಸಿಕೊಳ್ಳಬಹುದು. ಅದನ್ನೂ ಹಾಕಿಸಿದ. ಕಲಬುರಗಿಯ ಸೇಡಂ ರಸ್ತೆಯ ಮೊಬೈಲ್ ಅಂಗಡಿಯ ಫಕ್ರುದ್ದೀನ್ ತಿಂಗಳಿಗೊಮ್ಮೆ ಆ ಫೋನಿಗೆ ಹೊಸ ಕತೆಗಳನ್ನು ತುಂಬಿ, ಅವಳಿಗೆ ಹಿಡಿಸಿದ್ದನ್ನೆಲ್ಲ ಒಂದು ಪಟ್ಟಿ ಮಾಡಿ ಇಡುತ್ತಿದ್ದ. ಹೊತ್ತೊಯ್ದು ಹೊತ್ತು ತರುವ ಕೆಲಸ ಮಲ್ಕಪ್ಪನದು.

ಮೊದಮೊದಲು ಚೆನ್ನಾಗಿಯೇ ಇತ್ತು. ಆಮೇಲೆ ಎಲ್ಲಿಂದಲೋ ಅವನು ಬಂದ. ಕತೆ ಓದಿ ಹೇಳುವ ಗಟ್ಟಿ ಗಂಟಲು, ನಿಧಾನದ ಮಾತು. ನಗುವ ಕಡೆ ನಕ್ಕು, ಅಳುವ ಕಡೆ ಒಂದು ಗಳಿಗೆ ಸುಮ್ಮನಾಗುತ್ತಿದ್ದ. ಅವನು ಸುಮ್ಮನಾದಾಗ ಚಂದಮ್ಮನ ಕೈಯೂ ರೊಟ್ಟಿಯ ಮೇಲೆ ನಿಲ್ಲುತ್ತಿತ್ತು. ಮಲ್ಕಪ್ಪ ಅದನ್ನು ಬಾಗಿಲಲ್ಲೇ ನಿಂತು ನೋಡಿದ. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ತನ್ನ ಮಾತಿಗೆ ಆ ಕೈ ಒಮ್ಮೆಯಾದರೂ ನಿಂತದ್ದುಂಟೇ ಎಂದು ಯೋಚಿಸಿದ. ನೆನಪಾಗಲಿಲ್ಲ.

"ಅವರು ಭಾಳ ಛಲೋ ಹೇಳ್ತಾರ್ರೀ" ಅಂದಳು ಚಂದಮ್ಮ.

ಅವರು! ಮಲ್ಕಪ್ಪನಿಗೆ ಮೆಣಸಿನಕಾಯಿ ಕಡಿದಂತಾಯಿತು. ಅಷ್ಟಾದರೂ ಬಾಯಿ ಮುಚ್ಚಿಕೊಂಡಿದ್ದ. ಆದರೆ ಮರುದಿನ ಸಂಜೆ ಹಸಿದು ಬಂದು ತಾಟಿನ ಮುಂದೆ ಕೂತರೆ, ಚಂದಮ್ಮ ಪಲ್ಯದ ಸೌಟು ಹಿಡಿದವಳು ಹಾಗೇ ನಿಂತು, "ಜರಾ ನಿಂದರ್ರಿ, ಅವರು ಮುಗಸ್ಲಿ" ಅಂದುಬಿಟ್ಟಳು. ಕಟ್ಟಿಕೊಂಡ ಗಂಡ ಬರೀ ತಾಟು ನೋಡುತ್ತ ಕೂರಬೇಕು, ಯಾವನೋ ಒಬ್ಬ ಮಾತು ಮುಗಿಸಬೇಕು. ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ.

ಮರುದಿನ ಕತೆ ತುಂಬಿಸುವ ನೆಪ ಹೇಳಿ ಫೋನು ತೆಗೆದುಕೊಂಡು ಸೀದಾ ಸೇಡಂ ರಸ್ತೆಗೆ ಹೋದ.

"ಪ್ಲಾನ್ ಬಂದ್ ಮಾಡು."

"ಯಾಕಣ್ಣಾ? ಅಕ್ಕಾರು ದಿನಾ ಕೇಳ್ತಾರಲ್ಲ" ಅಂದ ಫಕ್ರುದ್ದೀನ್.

"ಅದಕ್ಕೇ. ಬಂದ್ ಮಾಡಿದ್ರ ಫೋನಿನಾಗ ಇಳಿಸಿದ್ದೂ ಹೋಗ್ತದಲ್ಲ?"

"ಕಟ್ಟಿದ ತಿಂಗಳು ಶುಕ್ರವಾರಕ್ಕ ಮುಗೀತದ. ಅಲ್ಲೀತನಕ ಎಲ್ಲಾ ನಡೀತದ. ಆಮ್ಯಾಲ ಇಳಿಸಿದ್ದಕ್ಕೆಲ್ಲ ಬೀಗ. ಫೋನಿನಾಗ ಇದ್ದರೂ ತೆರಿಯಂಗಿಲ್ಲ, ಬ್ಯಾರೆ ಫೋನಿಗೆ ಹಾಕಿದರೂ ತೆರಿಯಂಗಿಲ್ಲ. ಆದರ ಅಣ್ಣಾ..."

ಆದರೆಗೀದರೆ ಕೇಳುವ ವ್ಯವಧಾನ ಯಾರಿಗಿತ್ತು? ಪ್ಲಾನ್ ನಿಲ್ಲಿಸುವ ಮೆಸೇಜು ಹೋಗಿ, ಆಯಿತೆಂದು ಕಂಪನಿಯ ಉತ್ತರ ಬಂದದ್ದೇ ತಡ, ಮಲ್ಕಪ್ಪ ಫೋನು ಜೇಬಿಗಿಳಿಸಿ ಬಸ್ಸಿಗೆ ಓಡಿದ.

ಶುಕ್ರವಾರದ ತನಕ ಹಲ್ಲು ಕಚ್ಚಿಕೊಂಡಿದ್ದ. ಮಾತಾಡು ಮಗನೇ, ನಿನ್ನ ಆಟ ಇನ್ನೆಷ್ಟು ದಿನ ಎಂದು ಮನಸ್ಸಿನಲ್ಲೇ ದಿನ ಎಣಿಸಿದ. ಶನಿವಾರ ಸಂಜೆ ಒಂದು ಡಜನ್ ಕೆಂಪು ಬಾಳೆಹಣ್ಣು ಹಿಡಿದು ಹಬ್ಬಕ್ಕೆ ಬಂದವನಂತೆ ಮನೆಗೆ ಬಂದ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳವೊಂದೇ ಕೇಳುತ್ತಿತ್ತು. ಹೊಟ್ಟೆ ತಣ್ಣಗಾಯಿತು. ಚಪ್ಪಲಿ ಬಿಡುತ್ತಿದ್ದಂತೆ ಬಡಿತ ನಿಂತಿತು. ಆ ಬಿಡುವಿನಲ್ಲಿ ಅದೇ ಗಟ್ಟಿ ಗಂಟಲು, ಅದೇ ನಿಧಾನದ ಮಾತು ಶುರುವಾಯಿತು.

"ಉಳಿದಾವ್ಯಾವೂ ಹತ್ತವಲ್ಲವು. ಎಲ್ಲಾದ್ರ ಮುಂದೂ ಕೀಲಿ ಚಿತ್ರ ಬಂದಾವ" ಅಂದಳು ಚಂದಮ್ಮ. "ಇದೊಂದೇ ನಡಿತದ."

ಮಲ್ಕಪ್ಪ ಹಿತ್ತಲಿಗೆ ಹೋಗಿ ತನ್ನ ಫೋನಿನಿಂದ ಫಕ್ರುದ್ದೀನನಿಗೆ ಹಚ್ಚಿದ.

"ನಾ ಹೇಳೋದ್ರಾಗ ನೀವು ಎದ್ದು ಹೋದ್ರಿ ಅಣ್ಣಾ. ಪ್ಲಾನಿನಾಗ ಇಳಿಸಿದ್ದು ಬಾಡಿಗಿ ಮನಿ ಇದ್ದಂಗ. ಖರೀದಿ ಮಾಡಿದ್ದು ಸ್ವಂತದ್ದು, ಅದಕ್ಕ ಪ್ಲಾನಿನ ಹಂಗಿಲ್ಲ. ಅಕ್ಕಾರು ನನಗ ಮೊದಲೇ ಫೋನ್ ಮಾಡಿ, ರೊಟ್ಟಿ ರೊಕ್ಕದಾಗ ಒಂದು ಕತಿ ಖರೀದಿ ಮಾಡಿಸ್ಯಾರ."

ಎಲ್ಲ ಬಿಟ್ಟು ಅವನದೇ ಖರೀದಿ! ಬಾಡಿಗೆಯವರನ್ನೆಲ್ಲ ಓಡಿಸಿ ಮನೆಯನ್ನು ಆ ಒಬ್ಬನಿಗೇ ಬಿಟ್ಟುಕೊಟ್ಟಂತಾಗಿತ್ತು. ಮೊದಲು ಹತ್ತು ದನಿಗಳ ನಡುವೆ ಅವನೂ ಒಬ್ಬನಾಗಿದ್ದ. ಈಗ ಬೆಳಗಿನಿಂದ ಸಂಜೆತನಕ ಅವನೊಬ್ಬನೇ. ಒಂದು ವಾರ ಮಲ್ಕಪ್ಪ ಆ ಗಂಟಲನ್ನು ಕೇಳುತ್ತ ಉಂಡ, ಕೇಳುತ್ತ ಸ್ನಾನ ಮಾಡಿದ. ಎಂಟನೆಯ ದಿನ ತಾಳಲಾಗದೆ ಒಲೆಯ ಮುಂದೆ ಹೋಗಿ ನಿಂತ.

"ಯಾರವ? ಅವನ್ನ ಖರೀದಿ ಮಾಡೂವಂಥಾದ್ದು ಏನದ?"

ಚಂದಮ್ಮ ದನಿ ನಿಲ್ಲಿಸಿದಳು. ಗಂಡನ ಮುಖ ನೋಡಿದಳು. ಅವಳಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು.

"ಪ್ಲಾನ್ ಬಂದ್ ಮಾಡಿಸಿದವರು ನೀವೇ ಏನು?"

ಮಲ್ಕಪ್ಪ ಸೂರು ನೋಡಿದ.

"ನನಗ ಗೊತ್ತಿತ್ತು. ಪ್ಲಾನ್ ನಿಮ್ಮ ಕೈಯಾಗ ಅದ, ಯಾವತ್ತಾದರೂ ಬಂದ್ ಆಗೂದೇ ಅಂತ. ಎಲ್ಲಾ ಹೋದರೂ ಇದೊಂದು ಉಳೀಲಿ ಅಂತ ಖರೀದಿ ಮಾಡಿದೆ. ಕತಿ ಯಾವುದಂತ ಕೇಳೀರೇನು ನೀವು? ಬರೇ ಹೇಳಾವನ್ನ ನೋಡಕೋತ ಕುಂತೀರಿ. ಅದು 'ಗಿರಣಿ ಓಣಿಯ ಗಂಗವ್ವ'."

ಮಲ್ಕಪ್ಪನಿಗೆ ಥಟ್ಟನೆ ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಮದುವೆಯಾದ ವರ್ಷ, ಕಲಬುರಗಿಯ ಬ್ರಹ್ಮಪುರದ ಒಂದೇ ಕೋಣೆಯ ಮನೆಯಲ್ಲಿ, ವಾರಪತ್ರಿಕೆಯಲ್ಲಿ ಬರುತ್ತಿದ್ದ ಆ ಧಾರಾವಾಹಿಯನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದವನು ತಾನೇ. ಅವಳು ರೊಟ್ಟಿ ಬಡಿಯುತ್ತಿದ್ದಳು. ಗಂಗವ್ವ ಮನೆ ಬಿಟ್ಟು ಹೊರಟಲ್ಲಿಗೆ ಬಂದಾಗ ಕಾಲೇಜಿನ ಕೆಲಸ ಸಿಕ್ಕಿತು, ಬಾಡಿಗೆ ಕಮ್ಮಿಯೆಂದು ಕಮಲಾಪುರಕ್ಕೆ ಬಂದರು, ಪತ್ರಿಕೆ ನಿಂತಿತು. ಓದೂ ನಿಂತಿತು. ಆಗೆಲ್ಲ ಆ ಕೈ ತನ್ನ ದನಿಗೂ ನಿಲ್ಲುತ್ತಿತ್ತಲ್ಲ ಎಂದು ಈಗ ನೆನಪಾಯಿತು.

"ಅರ್ಧಕ್ಕ ಬಿಟ್ರಿ ನೀವು. ಮುಂದೇನಾತು ಅಂತ ಇಪ್ಪತ್ತು ವರ್ಷ ಕೇಳಬೇಕಂತಿದ್ದೆ. ನಿಮಗ ಪುರಸೊತ್ತಿದ್ದಿಲ್ಲ. ಅವರು ಮುಗಿಸಿ ಹೇಳಿದ್ರು."

ಮಲ್ಕಪ್ಪನಿಗೆ ನಾಚಿಕೆಯಾಯಿತು. ಆದರೆ ಹೊಟ್ಟೆಕಿಚ್ಚು ಆರಲಿಲ್ಲ. ತಾನು ಬಿಟ್ಟ ಕೆಲಸ ಮುಗಿಸಿದವನ ಮೇಲೆ ಅದು ಇನ್ನಷ್ಟು ಹೊತ್ತಿಕೊಂಡಿತು.

"ನಾಳೆ ಮತ್ತ ಪ್ಲಾನ್ ಹಾಕಸ್ತೀನಿ" ಅಂದ ಸಣ್ಣಗೆ. "ಕೀಲಿ ಬಿದ್ದಾವೆಲ್ಲ ತೆರೀತಾವ."

"ಬ್ಯಾಡ. ಮತ್ತ ನಿಮ್ಮ ಹೊಟ್ಟಿ ಉರಿದ ದಿನ ಬಂದ್ ಮಾಡಸ್ತೀರಿ." ಚಂದಮ್ಮ ಫೋನನ್ನು ಅವನ ಕೈಗಿಟ್ಟಳು. "ನನ್ನ ಪಟ್ಟಿ ಹಂಗೇ ಅದ ಏನು, ಹೋಗ್ಯಾದ?"

ಪಟ್ಟಿ ಇತ್ತು. ಕತೆಗಳಿಗೆ ಬೀಗ ಬಿದ್ದಿತ್ತೇ ಹೊರತು ಹೆಸರುಗಳು ಒಂದೂ ಅಳಿಸಿರಲಿಲ್ಲ. ಮಲ್ಕಪ್ಪ ಒಂದೊಂದೇ ಹೆಸರು ಓದಿದ. ಹನ್ನೊಂದಿದ್ದವು.

"ಹೆಸರು ಓದೂದು ಸಾಕು" ಅಂದಳು. "ಪುಸ್ತಕ ತರ್ರಿ."

ಸೋಮವಾರ ಮಲ್ಕಪ್ಪ ಹನ್ನೊಂದು ಹೆಸರುಗಳ ಚೀಟಿ ಹಿಡಿದು ಕಾಲೇಜಿನ ಗ್ರಂಥಾಲಯದ ಕಪಾಟುಗಳನ್ನೆಲ್ಲ ಜಾಲಾಡಿದ. ಮೂರು ಸಿಕ್ಕವು. ಸಂಜೆ ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು ಒಲೆಯ ಪಕ್ಕ ಕೂತು ಮೊದಲನೆಯದನ್ನು ಶುರು ಮಾಡಿದ. ಫೋನಿನಲ್ಲಿ ಆ ಕತೆಯನ್ನೂ ಹೇಳಿದ್ದವನು ಅವನೇ. ಓದುತ್ತ ಓದುತ್ತ ಓರೆಗಣ್ಣಿನಿಂದ ಅವಳ ಕೈಯನ್ನೇ ನೋಡಿದ. ನಗುವ ಕಡೆ ನಕ್ಕ. ಅಳುವ ಕಡೆ ಬಂದಾಗ ಸುಮ್ಮನಾದ, ಮನಸ್ಸಿನಲ್ಲೇ ಮೂರು ಎಣಿಸಿ ಮುಂದುವರಿದ.

ಚಂದಮ್ಮ ರೊಟ್ಟಿ ಬಡಿಯುತ್ತಲೇ ಇದ್ದಳು.

"ಅವರು ಇಲ್ಲಿ" ಅಂದಳು, "ಇನ್ನೊಂದೀಟು ಹೊತ್ತು ಸುಮ್ಮನಾಗ್ತಿದ್ರು."