ಬಾಲ ಮೊದಲು ಬಿದ್ದ ಎಸೆತ

ಗೋಪಿನಾಥ್ ಗಣಿತದ ಮೇಷ್ಟ್ರು. ಬಂಗಾರಪೇಟೆಯಲ್ಲಿ ಮನೆ, ಬೇತಮಂಗಲದ ಆಚೆ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಕೆಲಸ. ಆ ಶಾಲೆಯ ಪಿ.ಟಿ. ಮೇಷ್ಟ್ರು ವರ್ಗವಾಗಿ ಹೋದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಹೆಡ್‌ಮಾಸ್ಟರು ಒಂದು ದಿನ ಕರೆದು, "ನೀವೇ ಇದ್ದವರಲ್ಲಿ ಚಿಕ್ಕವರು, ಆಟ ನೋಡ್ಕೊಳ್ಳಿ" ಅಂದರು. ಹಾಗೆ ಆಟವೂ ಅವನ ತಲೆಗೆ ಬಂತು.

ಭಾನುಪ್ರಿಯ ಆಗ ಎಂಟನೇ ಕ್ಲಾಸು. ನಾಲ್ಕು ಹಸು ಸಾಕಿ ಡೇರಿಗೆ ಹಾಲು ಹಾಕುವ ನಾರಾಯಣಮ್ಮನ ಮಗಳು. ಹುಲ್ಲಿನ ಹೊರೆ ಹೊತ್ತು ಹೊತ್ತು ಭುಜ ಗಟ್ಟಿಯಾಗಿತ್ತು. ಸ್ಟೋರ್ ರೂಮಿನಲ್ಲಿ ಬಿದ್ದಿದ್ದ ಜಾವೆಲಿನ್ನನ್ನು ಅವಳು ಸುಮ್ಮನೆ ಎಸೆದಿದ್ದನ್ನು ಕಂಡು ಗೋಪಿನಾಥನಿಗೆ ಮೈ ಜುಮ್ಮೆಂದಿತು. ಎಸೆಯುವುದು ಅವನಿಗೆ ಗೊತ್ತಿರಲಿಲ್ಲ. ಆದರೆ ಲೆಕ್ಕ ಗೊತ್ತಿತ್ತು. ನಲವತ್ತೈದು ಡಿಗ್ರಿಯಲ್ಲಿ ಎಸೆದ ವಸ್ತು ಎಲ್ಲಕ್ಕಿಂತ ದೂರ ಹೋಗುತ್ತದೆ ಎಂದು ಬಿ.ಎಸ್ಸಿ.ಯಲ್ಲಿ ಓದಿದ್ದ, ಸಾಧಿಸಿ ತೋರಿಸಿ ಅಂಕವನ್ನೂ ಪಡೆದಿದ್ದ.

ಬೇವಿನ ಮರದಿಂದ ಒಂದು ಬಿದಿರಿಗೆ ಎತ್ತರದಲ್ಲಿ ಹಗ್ಗ ಕಟ್ಟಿಸಿದ. "ಕೈಬಿಟ್ಟ ಮೇಲೆ ಎರಡು ಮೀಟರ್ ಮುಂದೆ ಹೋಗೋ ಹೊತ್ತಿಗೆ ಎರಡು ಮೀಟರ್ ಮೇಲಕ್ಕೂ ಏರಿರಬೇಕು ಭಾನು, ಹಗ್ಗದ ಮೇಲಿಂದ ಹೋಗ್ಬೇಕು." ಓಟಕ್ಕೂ ಮಿತಿ ಹಾಕಿದ: ಐದೇ ಹೆಜ್ಜೆ. ಜೋರಾಗಿ ಓಡಿದರೆ ಕೋನ ಕೆಡುತ್ತದೆ ಎಂದು ಅವನ ವಾದ. ಅವಳು "ಸರಿ ಸಾ" ಅಂದಳು. ಎರಡು ವರ್ಷ ಹಾಗೇ ಎಸೆದಳು. ಮೊಣಕೈ ನೋಯುತ್ತದೆ ಎಂದಾಗ ಐಸ್ ಇಟ್ಟುಕೋ ಅಂದ.

ಹತ್ತನೇ ಕ್ಲಾಸಿನ ವರ್ಷ ತಾಲ್ಲೂಕು ಕ್ರೀಡಾಕೂಟ ಕೆ.ಜಿ.ಎಫ್.ನಲ್ಲಿ ಚಿನ್ನದ ಗಣಿಯ ತ್ಯಾಜ್ಯ ಸುರಿದ ಸೈನೈಡ್ ದಿಬ್ಬಗಳ ಬುಡದ ಮೈದಾನದಲ್ಲಿ ನಡೆಯಿತು. ತೀರ್ಪುಗಾರರು ಸಾಲದೆ, ಬಂದ ಮೇಷ್ಟ್ರುಗಳನ್ನೆಲ್ಲ ಒಂದೊಂದು ಕಡೆ ನಿಲ್ಲಿಸಿದರು. ಗೋಪಿನಾಥನ ಕೈಗೆ ಎಸೆತ ಸರಿಯಿದ್ದರೆ ಎತ್ತಲು ಒಂದು ಬಿಳಿ ಬಾವುಟ, ತಪ್ಪಿದ್ದರೆ ಎತ್ತಲು ಒಂದು ಕೆಂಪು ಬಾವುಟ ಕೊಟ್ಟು, "ಹುಡುಗಿಯರ ಜಾವೆಲಿನ್, ಬೀಳೋ ಕಡೆ ನೋಡ್ಕೊಳ್ಳಿ" ಅಂದರು. ನಮ್ಮ ಶಾಲೆಯ ಹುಡುಗಿಯೂ ಇದ್ದಾಳೆ ಎಂದು ಹೇಳಬೇಕಿತ್ತು. ಅವನು ಹೇಳಲಿಲ್ಲ.

ಅಭ್ಯಾಸದ ಎಸೆತ ನಡೆಯುತ್ತಿದ್ದಾಗ ಪಕ್ಕಕ್ಕೆ ಒಬ್ಬ ಮುದುಕರು ಬಂದು ನಿಂತರು. ಹೆಸರು ಮುನಿಶಾಮಿ, ಮಾತು ತಮಿಳು ಬೆರೆತ ಕನ್ನಡ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಗಣಿ ಕಾರ್ಮಿಕರ ಕೂಟಗಳಲ್ಲಿ ಜಾವೆಲಿನ್ ಎಸೆದವರು. ಈಗ ಊರಿನ ಮಕ್ಕಳಿಗೆ ಬೆಳಗ್ಗೆ ಕಲಿಸುತ್ತಾರೆ. ಅವರು ಕಲಿಸುವ ಹುಡುಗಿ ನವ್ಯಳೂ ಸ್ಪರ್ಧೆಯಲ್ಲಿದ್ದಳು.

"ಎನ್ನ ಸಾರ್ ಇದು, ಆ ಹಸಿರು ಬನಿಯನ್ ಹುಡುಗಿ ಯಾಕೆ ಆಕಾಶಕ್ಕೆ ಎಸೀತಾಳೆ? ಒಳ್ಳೇ ಕೈ ಸಾರ್ ಅದು. ಹಾಳು ಮಾಡಿದಾರೆ ಯಾರೋ."

ಅವರು ತೋರಿಸಿದ್ದು ಭಾನುಪ್ರಿಯಳನ್ನು. "ನಲವತ್ತೈದು ಡಿಗ್ರಿ ಅಲ್ವಾ ಸರಿ?" ಅಂದ ಗೋಪಿನಾಥ್, ಯಾರದೋ ಮಾತು ಎಂಬಂತೆ.

ಮುನಿಶಾಮಿ ನಕ್ಕರು. "ಅದು ಗಾಳಿ ಇಲ್ಲದ ಊರಲ್ಲಿ ಸಾರ್. ಎಷ್ಟು ಮೇಲಕ್ಕೆ ಎಸೀತೀವೋ ಕೈ ಅಷ್ಟು ನಿಧಾನ ಆಗ್ತದೆ, ನಮ್ಮ ಮೈ ಇರೋದೇ ಹಂಗೆ. ಮೇಲಾಗಿ ಇದು ಕಲ್ಲಲ್ಲ, ಉದ್ದ ಕೋಲು. ಹೋಗೋ ದಾರಿಗಿಂತ ಮೂತಿ ಮೇಲಿದ್ರೆ ಗಾಳಿ ಹೊಟ್ಟೆಗೆ ಗುದ್ದಿ ನಿಲ್ಲಿಸಿಬಿಡ್ತದೆ. ಮೂವತ್ತೆರಡು, ಮೂವತ್ತಾರು, ಅದರೊಳಗೆ ಬಿಡಬೇಕು. ಆಮೇಲೆ ಓಟ. ವೇಗ ಕಾಲಿಂದ ಬರಬೇಕು. ಓಡಿ ಬಂದು ಎಡಗಾಲನ್ನ ಗೋಡೆ ಥರ ಊರಿದ್ರೆ ಮೈಯೆಲ್ಲ ನಿಂತು, ಓಟದ ಜೋರೆಲ್ಲ ಕೈಗೆ ಏರ್ತದೆ. ಈ ಹುಡುಗಿ ಐದು ಹೆಜ್ಜೆ ನಡೆದು ಬರ್ತಾಳೆ, ಪಾವಂ."

ಪುಸ್ತಕದ ಆ ಅಧ್ಯಾಯದ ಮೊದಲ ಸಾಲು ಗೋಪಿನಾಥನಿಗೆ ನೆನಪಾಯಿತು: ಗಾಳಿಯ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಯಾವ ಕೋನಕ್ಕೆ ಎಸೆದರೂ ವೇಗ ಒಂದೇ ಎಂದೂ ಅಲ್ಲಿತ್ತು. ದೂರ ವೇಗದ ವರ್ಗದಂತೆ ಬೆಳೆಯುತ್ತದೆ ಎಂಬುದೂ ಅದೇ ಸೂತ್ರದಲ್ಲಿತ್ತು. ಹತ್ತರಲ್ಲಿ ಒಂದು ಪಾಲು ವೇಗ ಹೆಚ್ಚಿದರೆ ದೂರ ಐದರಲ್ಲಿ ಒಂದು ಪಾಲು ಹೆಚ್ಚುತ್ತದೆ. ಕೋನವನ್ನು ಹಿಡಿದು ಕೂತು ವೇಗವನ್ನೇ ಅವನು ಕತ್ತರಿಸಿದ್ದ.

ಸ್ಪರ್ಧೆಗೆ ಇನ್ನೂ ಐದು ನಿಮಿಷವಿತ್ತು. ಓಡಿ ಹೋಗಿ ಹೇಳಬಹುದಿತ್ತು. ಈಗ ಹೇಳಿದರೆ ಗಲಿಬಿಲಿಯಾಗುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡ. ನಿಜಕ್ಕೂ ಅವನನ್ನು ತಡೆದದ್ದು ನಾಚಿಕೆ.

ಒಬ್ಬೊಬ್ಬರಿಗೆ ಮೂರು ಎಸೆತ, ಅದರಲ್ಲಿ ಉತ್ತಮವಾದದ್ದು ಲೆಕ್ಕಕ್ಕೆ. ಮೊದಲ ಇಬ್ಬರು ಜಿಲ್ಲೆಗೆ. ಆಂಡರ್ಸನ್‌ಪೇಟೆಯ ಒಬ್ಬ ಹುಡುಗಿ ಮೊದಲ ಎಸೆತದಲ್ಲೇ ಮೂವತ್ತೊಂದು ಮೀಟರ್ ದಾಟಿ ಯಾರಿಗೂ ಸಿಗದಂತೆ ಹೋದಳು. ನವ್ಯ ಇಪ್ಪತ್ತಾರು ಮೀಟರ್ ಹದಿನೆಂಟು. ಭಾನುಪ್ರಿಯಳ ಮೊದಲ ಎಸೆತ ಇಪ್ಪತ್ಮೂರು ತೊಂಬತ್ತೊಂದು. ಎರಡನೆಯದರಲ್ಲಿ ಜಾವೆಲಿನ್ ಇನ್ನೂ ಗಾಳಿಯಲ್ಲಿದ್ದಾಗಲೇ ಅವಳ ಕಾಲು ಓಟದ ಕೊನೆಯ ಸುಣ್ಣದ ಕಮಾನು ಗೆರೆಯನ್ನು ತುಳಿಯಿತು. ಅಲ್ಲಿದ್ದ ತೀರ್ಪುಗಾರರು ಕೆಂಪು ಎತ್ತಿದರು.

ಮೂರನೆಯ ಸಲ ಅವಳು ಐದು ಹೆಜ್ಜೆಯ ಗುರುತಿನಲ್ಲಿ ನಿಲ್ಲಲಿಲ್ಲ. ಹಿಂದೆ, ಬಹಳ ಹಿಂದೆ ಹೋದಳು. ಓಡಿ ಬಂದಳು. ಅಷ್ಟು ಜೋರಾಗಿ ಅವಳು ಓಡಿದ್ದನ್ನು ಗೋಪಿನಾಥ್ ಕಂಡಿರಲಿಲ್ಲ. ಆದರೆ ಕೊನೆಗೆ ಕೈ ಅವನು ಕಲಿಸಿದಂತೆಯೇ ಮೇಲಕ್ಕೆದ್ದಿತು. ಜಾವೆಲಿನ್ ಏರಿತು, ಏರಿತು, ಮೇಲೆ ಒಂದು ಕ್ಷಣ ನಿಂತಂತಾಗಿ ನಡುಗಿತು, ಆಮೇಲೆ ಮೂತಿ ಎತ್ತಿಕೊಂಡೇ ಕೆಳಗೆ ಬಂತು. ಅವನಿಂದ ನಾಲ್ಕಡಿ ದೂರದಲ್ಲಿ ಬಾಲ ನೆಲಕ್ಕೆ ತಾಗಿ ಕೆಮ್ಮಣ್ಣು ಹಾರಿತು; ಆಮೇಲೆ ಲೋಹದ ತಲೆ ಬಡಿಯಿತು.

ತಲೆ ಮೊದಲು ತಾಗದಿದ್ದರೆ ಎಸೆತ ಲೆಕ್ಕಕ್ಕಿಲ್ಲ. ಅದು ಚುಚ್ಚಿ ನಿಲ್ಲಬೇಕಿಲ್ಲ, ಮೊದಲು ತಾಗಿದರೆ ಸಾಕು, ಅಷ್ಟೂ ಆಗಿರಲಿಲ್ಲ. ಅವನು ಕಣ್ಣಾರೆ ನೋಡಿದ್ದ. ಈ ಹುಡುಗಿಯನ್ನು ಹೀಗೆ ಮಾಡಿದ್ದು ನಾನು ಎಂದುಕೊಂಡ. ಬಿಳಿ ಬಾವುಟ ಎತ್ತಿದ.

ತಲೆ ಬಿದ್ದ ಗುರುತಿಗೆ ಮೊಳೆ ನೆಟ್ಟ. ಟೇಪಿನ ಸೊನ್ನೆಯನ್ನು ಅಲ್ಲಿ ಹಿಡಿದು, ಕಮಾನಿನ ಹಿಂದೆ ಎಂಟು ಮೀಟರ್ ದೂರದಲ್ಲಿದ್ದ ಅದರ ಕೇಂದ್ರಬಿಂದುವಿಗೆ ನೇರ ಎಳೆದು, ಕಮಾನಿನ ಒಳಅಂಚಿನಲ್ಲಿ ಓದಿದರು. ಸೆಂಟಿಮೀಟರಿಗಿಂತ ಕಡಿಮೆ ಇದ್ದದ್ದನ್ನು ಬಿಟ್ಟರು. ಇಪ್ಪತ್ತಾರು ಮೀಟರ್ ನಲವತ್ತು. ಎರಡನೆಯ ಸ್ಥಾನ.

ನವ್ಯ ಅಳಲಿಲ್ಲ, ಶೂ ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು. ಮುನಿಶಾಮಿ ಅವನ ಹತ್ತಿರ ಬಂದು ಆ ಜಾಗದ ಮಣ್ಣನ್ನು ನೋಡಿದರು. "ನನ್ನ ಕಣ್ಣು ಹಳೇದು ಸಾರ್," ಅಂದರು. "ಬಾವುಟ ನಿಮ್ಮ ಕೈಲಿರೋದು. ನೀವು ನೋಡಿದ್ದೇ ಸರಿ." ತಕರಾರು ಕೊಡಲು ಅರ್ಧ ಗಂಟೆ ಸಮಯವಿತ್ತು. ಅವರು ಕೊಡಲಿಲ್ಲ. ಅವರು ಕೊಟ್ಟಿದ್ದರೆ ಗೋಪಿನಾಥ್ ಬದುಕಿಕೊಳ್ಳುತ್ತಿದ್ದನೇನೋ.

ಬಂಗಾರಪೇಟೆ ಬಸ್ಸಿನಲ್ಲಿ ಅವನಿಗೆ ಸೀಟು ಸಿಕ್ಕಿತು. ಆದರೂ ನಿಂತೇ ಬಂದ. ಮನೆಯಲ್ಲಿ ಹೆಂಡತಿ ರಾಧ, "ನಿಮ್ಮ ಹುಡುಗಿ ಗೆದ್ದಳಂತೆ, ಮುಖ ಯಾಕೆ ಹಿಂಗೆ?" ಅಂದಳು. ಬಿಸಿಲು ಅಂದ. ಭಾನುವಾರವೆಲ್ಲ ಆ ಹಾರಿದ ಮಣ್ಣು ಕಣ್ಣಮುಂದೆ ಬರುತ್ತಿತ್ತು. ಜಿಲ್ಲಾ ಕೂಟದಲ್ಲಾದರೂ ಸರಿಯಾಗಿ ಎಸೆಯಲಿ, ಆಗ ಈ ಸ್ಥಾನ ಅವಳದೇ ಆಗುತ್ತದೆ ಎಂದು ಸಮಾಧಾನ ಮಾಡಿಕೊಂಡ.

ಸೋಮವಾರ ಸಂಜೆ ಹಗ್ಗ ಬಿಚ್ಚಿಸಿದ. "ಭಾನು, ಇನ್ಮೇಲೆ ತಗ್ಗಿಸಿ ಎಸಿ. ಓಡಿ ಬಂದು ಎಸಿ. ನಾನು ಕಲಿಸಿದ್ದು ತಪ್ಪು."

ಅವಳು ಹಿಂದೆ ಹೋಗಿ, ಓಡಿ ಬಂದು, ಎಡಗಾಲು ಊರಿ ಎಸೆದಳು. ಜಾವೆಲಿನ್ ತಗ್ಗಿನಲ್ಲಿ ನೇರ ಸಾಗಿ ಹುಲ್ಲಿನಲ್ಲಿ ಚುಚ್ಚಿಕೊಂಡಿತು. ಟೇಪು ಹಿಡಿದರೆ ಇಪ್ಪತ್ತೊಂಬತ್ತು ಮೀಟರ್ ಚಿಲ್ಲರೆ.

ಒಂದೇ ಎಸೆತದಲ್ಲಿ ಯಾರೂ ಹಾಗೆ ಕಲಿಯುವುದಿಲ್ಲ. "ಇದನ್ನ ಯಾವಾಗ ಕಲಿತೆ?" ಅಂದ.

ಅವಳು ನೆಲ ನೋಡಿದಳು. "ಓದ ವರ್ಷದಿಂದ ಗೊತ್ತು ಸಾ. ನೀವು ಊರಿಗೆ ಓದ್ಮೇಲೆ ಇಂಗೇ ಎಸೀತಿದ್ದೆ. ದೂರ ಓಗ್ತದೆ, ಮೊಣಕೈನೂ ನೋಯಲ್ಲ."

"ಮತ್ತೆ ಅವತ್ತು ಯಾಕೆ..."

"ನೀವು ಎದುರುಗಡೆ ನಿಂತಿದ್ರಲ್ಲ ಸಾ. ನೀವು ಏಳ್ಕೊಟ್ಟಂಗೆ ಎಸೀದಿದ್ರೆ ಬೇಜಾರ್ ಮಾಡ್ಕೊಂತೀರ ಅಂತ. ಓಟ ಒಂದು ಜಾಸ್ತಿ ಓಡ್ದೆ, ಅಷ್ಟೇಯಾ."

ಗೋಪಿನಾಥ್ ಅಲ್ಲೇ ಕಟ್ಟೆಯ ಮೇಲೆ ಕೂತ. ಅವನಿಗೆ ಇನ್ನೊಂದು ಮಾತು ಹೇಳಬೇಕಿತ್ತು. "ಭಾನು, ಆ ಕೊನೇ ಎಸೆತ..."

"ಬಾಲ ಮೊದ್ಲು ಬಿತ್ತು," ಅಂದಳು ಅವಳು. "ನಾನೂ ನೋಡ್ದೆ. ನೀವು ಬಿಳೀದು ಎತ್ತಿದ್ರಿ. ನನಗೋಸ್ಕರ ಮಾಡಿದ್ರಲ್ಲ, ಎಂಗೆ ಏಳೋದು? ಮನೇಲಿ ಅವ್ವ ಎಲ್ರಿಗೂ ಏಳ್ಕೊಂಡು ಬಂದವ್ಳೆ. ನಂಗೆ ಎರಡು ದಿನದಿಂದ ಊಟ ಸೇರ್ತಿಲ್ಲ ಸಾ."

ತನ್ನ ತಪ್ಪು ತನ್ನೊಬ್ಬನದೇ ಎಂದು ಅವನು ತಿಳಿದಿದ್ದ. ಹದಿನೈದು ವರ್ಷದ ಹುಡುಗಿಯ ತಲೆಯ ಮೇಲೂ ಅದನ್ನು ಹೊರಿಸಿದ್ದ.

ಮಾರನೆಯ ದಿನ ರಜೆ ಹಾಕಿ ಕೂಟ ನಡೆಸಿದ ಅಧಿಕಾರಿಯ ಮುಂದೆ ನಿಂತು ಪತ್ರ ಕೊಟ್ಟ. ಬಾಲ ಮೊದಲು ತಾಗಿದ್ದನ್ನು ನೋಡಿಯೂ ಬಿಳಿ ಬಾವುಟ ಎತ್ತಿದೆ ಎಂದು ಬರೆದಿದ್ದ. ಅವರು ಕನ್ನಡಕ ತೆಗೆದು, "ತಕರಾರಿನ ಸಮಯ ಮುಗಿದಿದೆ, ಯಾರೂ ಕೇಳಿಲ್ಲ. ಸುಮ್ನಿರಬಹುದಿತ್ತಲ್ಲ ಮೇಷ್ಟ್ರೇ?" ಅಂದರು. ಇವನು ಪತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಪಟ್ಟಿ ಬದಲಾಯಿತು, ನವ್ಯಳ ಹೆಸರು ಬಂತು. ಗೋಪಿನಾಥನಿಗೆ ಕಾರಣ ಕೇಳಿ ನೋಟಿಸು ಬಂತು, ಮುಂದೆ ಯಾವ ಕೂಟದಲ್ಲೂ ತೀರ್ಪಿಗೆ ನಿಲ್ಲಿಸಬಾರದೆಂದು ಆದೇಶವೂ ಬಂತು.

ನಾರಾಯಣಮ್ಮ ಶಾಲೆಗೆ ಬಂದಳು. ಹಾಲಿನ ಕ್ಯಾನು ಕೈಯಲ್ಲೇ ಇತ್ತು. "ಕೊಟ್ಟಿದ್ದೂ ನೀವೇ, ಕಿತ್ಕೊಂಡಿದ್ದೂ ನೀವೇ. ಮಗೂನ ಮಧ್ಯದಾಗೆ ಯಾಕೆ ನಿಲ್ಸಿದ್ರಿ ಮೇಷ್ಟ್ರೇ?" ಅಂದಳು. ಅವನು ತಪ್ಪಾಯಿತಮ್ಮ ಅಂದ. ಅವಳು ತಲೆಯಾಡಿಸದೆ ಹೊರಟುಹೋದಳು.

ಎರಡು ವಾರದ ಮೇಲೆ, ನಾರಾಯಣಮ್ಮನ ಒಪ್ಪಿಗೆ ಕೇಳಿ, ಭಾನುಪ್ರಿಯಳನ್ನು ಬೆಳಗಿನ ಬಸ್ಸಿನಲ್ಲಿ ಕೆ.ಜಿ.ಎಫ್.ಗೆ ಕರೆದುಕೊಂಡು ಹೋದ. ಮುನಿಶಾಮಿ ಮೈದಾನದಲ್ಲಿದ್ದರು, ನವ್ಯ ಓಟದ ಅಳತೆ ಹಾಕುತ್ತಿದ್ದಳು. ಜಿಲ್ಲೆಯಲ್ಲಿ ಅವಳು ಐದನೆಯವಳಾಗಿ ಬಂದಿದ್ದಳು.

"ಇವಳನ್ನ ನೀವು ನೋಡ್ಕೊಳ್ಳಿ," ಅಂದ ಗೋಪಿನಾಥ್. "ಅವಳ ಕೈ ಹಾಳು ಮಾಡಿದ್ದು ನಾನೇ."

"ತೆರಿಯುಂ ಸಾರ್," ಅಂದರು ಮುನಿಶಾಮಿ, ಸಿಟ್ಟಿಲ್ಲದೆ. "ಅವತ್ತೇ ಗೊತ್ತಾಯ್ತು, ನಿಮ್ಮ ಮುಖ ನೋಡಿ." ಆಮೇಲೆ ಹುಡುಗಿಯ ಮೊಣಕೈ ಹಿಡಿದು ಅಲ್ಲಲ್ಲಿ ಒತ್ತಿದರು. "ಒಂದು ತಿಂಗಳು ಎಸೆಯೋದು ಬೇಡಮ್ಮ. ಓಡು. ನವ್ಯಾ, ಇವಳಿಗೂ ಅಳತೆ ಹಾಕ್ಕೊಡು."

ನವ್ಯ ಭಾನುಪ್ರಿಯಳನ್ನು ಒಂದು ಗಳಿಗೆ ನೋಡಿ, ಟೇಪಿನ ಒಂದು ತುದಿಯನ್ನು ಅವಳ ಕೈಗೆ ಕೊಟ್ಟಳು. ಇಬ್ಬರೂ ಟೇಪು ಬಿಡಿಸುತ್ತ ಓಟದ ದಾರಿಯುದ್ದಕ್ಕೂ ನಡೆದರು.

ಭಾನುಪ್ರಿಯಳಿಗೆ ಆ ದಿನ ರಜೆ ಹೇಳಿದ್ದರೂ ಗೋಪಿನಾಥ್ ಒಂಬತ್ತೂವರೆಯ ಪ್ರಾರ್ಥನೆಗೆ ಶಾಲೆ ಸೇರಬೇಕಿತ್ತು. ಹೋಗಿ ಬರುತ್ತೇನೆ ಎಂದು ಹೇಳಲು ಎರಡು ಹೆಜ್ಜೆ ಮುಂದಿಟ್ಟ. ಭಾನುಪ್ರಿಯ ಆಗಲೇ ಓಡಲು ಶುರುಮಾಡಿದ್ದಳು. ಅವಳನ್ನು ನಿಲ್ಲಿಸದೆ ಅವನು ಬಸ್ ಸ್ಟ್ಯಾಂಡಿನ ಕಡೆ ತಿರುಗಿದ.