ಹಳದಿ ಪಟ್ಟಿ

1984ರ ಫೆಬ್ರವರಿ 9, ಗುರುವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಹುಮನಾಬಾದಿನ ಆಸ್ಪತ್ರೆಯಲ್ಲಿ ಹೊರರೋಗಿಗಳ ಗದ್ದಲ ಮುಗಿದು, ಸಿಸ್ಟರ್ ಯಶೋದಾಬಾಯಿ ಊಟದ ಡಬ್ಬಿ ಬಿಚ್ಚಿ ಮೊದಲ ತುತ್ತು ಮುರಿದಿದ್ದಳು. ಅಷ್ಟರಲ್ಲಿ ಜವಾನ ಗುಂಡಪ್ಪ ಬಾಗಿಲಲ್ಲಿ ನಿಂತು ಒಂದು ಚೀಟಿ ಚಾಚಿದ. ಕಾರ್ಬನ್ ಹಾಳೆಯ ಕೆಳಗಿನ ಪ್ರತಿ, ನೀಲಿ ಅಕ್ಷರ ಮಸುಕಾಗಿತ್ತು.

“ವಿಪತ್ತು ಯೋಜನೆ ಈಗಿನಿಂದ ಜಾರಿ. ಇದು ತಾಲೀಮು ಅಲ್ಲ. ಮಂಠಾಳದ ಮದುವೆ ಲಾರಿ ಹುಡಗಿ ಊರಿನ ಹತ್ತಿರ ಮಗುಚಿದೆ. ಗಾಯಾಳುಗಳು ಸುಮಾರು ನಲವತ್ತು. ಮೊದಲ ಗಾಡಿ ಅರ್ಧ ಗಂಟೆಯಲ್ಲಿ. ಗೇಟಿನಲ್ಲಿ ವಿಂಗಡಣೆ: ಯಶೋದಾಬಾಯಿ. ಕೆಂಪು, ಡ್ರೆಸ್ಸಿಂಗ್ ಕೋಣೆ: ನಾನು ಮತ್ತು ಡಾ. ಕರೀಮಾ. ಹಳದಿ, ವರಾಂಡ: ಸಿಸ್ಟರ್ ಭಾಗಮ್ಮ. ಹಸಿರು, ಬೇವಿನ ನೆರಳು: ಕಂಪೌಂಡರ್ ಭೀಮಶಾ. ಹೆಸರು ಬರೆಯುವುದು, ಸಂಬಂಧಿಕರು: ಗುಮಾಸ್ತರು. ಬೀದರಿಗೆ ಕಳಿಸಲು ಜೀಪು ಎಣ್ಣೆ ತುಂಬಿ ನಿಲ್ಲಲಿ. ಯಾರೂ ತಮ್ಮ ಜಾಗ ಬಿಡಬಾರದು. ಬದಲಾವಣೆ ಬೇಕಾದರೆ ನನ್ನನ್ನು ಕೇಳಿ. ಡಾ. ಮಹಾರುದ್ರಪ್ಪ, ವೈದ್ಯಾಧಿಕಾರಿ.”

ಯಶೋದಾಬಾಯಿ ಮೂರನೆಯ ವಾಕ್ಯವನ್ನು ಎರಡು ಸಲ ಓದಿದಳು. ಮಂಠಾಳ ಅವಳ ತವರು. ತಮ್ಮ ಪಂಡರಿ ಮೊನ್ನೆ ಸಂತೆಗೆ ಬಂದವನು, “ಗುರುವಾರ ಹುಡಗಿಗೆ ಮದುವಿಗೆ ಹೋಗಾಕತ್ತೇನಿ ಅಕ್ಕ, ಬರ್ತಾ ನಿನ್ ಮನ್ಯಾಗ ಚಹಾ” ಅಂದು ಹೋಗಿದ್ದ.

ಈ ಮಾತನ್ನು ಡಾಕ್ಟರ್ ಮಹಾರುದ್ರಪ್ಪನವರಿಗೆ ಹೇಳಬೇಕೆಂದು ಅವಳಿಗೆ ಅನಿಸಿತು. ಆದರೆ ಹೇಳಿದರೆ ಗೇಟಿನಿಂದ ತೆಗೆದುಹಾಕುತ್ತಾರೆ. ದೀಪಾವಳಿಗೆ ಮುಂಚೆ ನಡೆದ ತಾಲೀಮಿನಲ್ಲಿ ವಿಂಗಡಣೆ ಮಾಡಿದವಳು ಅವಳೊಬ್ಬಳೇ. ಅವಳು ಡಬ್ಬಿ ಮುಚ್ಚಿ, ಕೈತೊಳೆದು, ಪಟ್ಟಿಗಳ ಬುಟ್ಟಿ ಎತ್ತಿಕೊಂಡು ಗೇಟಿಗೆ ನಡೆದಳು.

ಗಾಯಾಳುಗಳ ಕೈಗೆ ಕಟ್ಟುವ ಪಟ್ಟಿಗಳನ್ನು ಎಲ್ಲರೂ ಸೇರಿ ಮಾಡಿದ್ದರು: ತಕ್ಷಣ ನೋಡಬೇಕಾದವರಿಗೆ ಕೆಂಪು, ಸ್ವಲ್ಪ ಕಾಯಬಲ್ಲವರಿಗೆ ಹಳದಿ, ನಡೆಯಬಲ್ಲವರಿಗೆ ಹಸಿರು. ಕೆಂಪಿಗೆ ಮರ್ಕ್ಯುರೋಕ್ರೋಮ್ ಎಂಬ ಕೆಂಪು ಔಷಧದಲ್ಲಿ ಅದ್ದಿದ ಬ್ಯಾಂಡೇಜು, ಹಳದಿಗೆ ಅರಿಷಿಣದ ನೀರು, ಹಸಿರಿಗೆ ಆಪರೇಶನ್ ಬಟ್ಟೆ, ಸತ್ತವರಿಗೆ ಹಳೇ ಛತ್ರಿಯ ಕಪ್ಪು. ತಾಲೀಮಿನ ದಿನ ಭೀಮಶಾನಿಗೆ ಕಪ್ಪು ಕಟ್ಟಿ ಮಲಗಿಸಿದರೆ, ಹತ್ತು ನಿಮಿಷದಲ್ಲಿ ಅವನು ಹೋಟೆಲಿನಲ್ಲಿ ಸಿಕ್ಕಿದ್ದ. “ಸತ್ತಂವ ಚಹಾ ಕುಡಿಯಾಕತ್ತಾನಲ್ರಿ!” ಎಂದು ಊರೆಲ್ಲ ನಕ್ಕಿತ್ತು. ಇವತ್ತು ಅದೇ ಭೀಮಶಾ ಬಾಯಿ ಬಿಗಿದುಕೊಂಡು ಬೇವಿನ ಬುಡದಲ್ಲಿ ಜಮಖಾನೆ ಹಾಸುತ್ತಿದ್ದ.

ಮೊದಲು ಬಂದದ್ದು ಟ್ರ್ಯಾಕ್ಟರು. ಅದರ ಹಿಂದೆ ಎರಡು ಟೆಂಪೋ. ಹೆಚ್ಚು ಕೂಗುವವರನ್ನೇ ಜನ ಮೊದಲು ಹೊತ್ತು ತಂದರು. ಯಶೋದಾಬಾಯಿ ಗೇಟಿನ ಅರ್ಧ ಬಾಗಿಲು ಮುಚ್ಚಿಸಿದಳು. ನಡೆಯಬಲ್ಲವರು ತಾವೇ ಬೇವಿನ ಕಡೆ ಹೋಗಲಿ ಎಂದು ಕೂಗಿ ಹೇಳಿದಳು. ಉಳಿದವರಿಗೆ ಒಬ್ಬೊಬ್ಬರಿಗೆ ಒಂದೇ ನಿಮಿಷ: ಉಸಿರು, ನಾಡಿ, ಕೇಳಿದ್ದಕ್ಕೆ ಉತ್ತರ. ರಕ್ತ ಚಿಮ್ಮುತ್ತಿದ್ದರೆ ಗುಂಡಪ್ಪ ಅದರ ಮೇಲೆ ಒತ್ತಿ ಹಿಡಿಯುತ್ತಿದ್ದ. ಅದಕ್ಕಿಂತ ಹೆಚ್ಚಿನ ಚಿಕಿತ್ಸೆ ಗೇಟಿನಲ್ಲಿ ಇಲ್ಲ, ಪಟ್ಟಿ ಕಟ್ಟು, ಮುಂದೆ ಕಳಿಸು. ತೊಡೆ ಮುರಿದ ಮುದುಕ, ನಾಡಿ ಗಟ್ಟಿ: ಹಳದಿ. ಎದೆ ಒಂದೇ ಬದಿಗೆ ಏಳುತ್ತಿದ್ದ ಹುಡುಗಿ: ಕೆಂಪು. ಉಸಿರೇ ಇಲ್ಲದ ಒಬ್ಬ ಹೆಂಗಸು. ಛತ್ರಿಯ ತುಂಡು ಕಟ್ಟುವಾಗ ಯಶೋದಾಬಾಯಿ ಅವಳ ಸೆರಗನ್ನು ಸರಿಮಾಡಿದಳು. ಅದಕ್ಕೂ ವೇಳೆ ಹಿಡಿಯಿತು, ಆದರೆ ಮಾಡದಿರಲು ಅವಳಿಂದ ಆಗಲಿಲ್ಲ.

ಮೂರನೆಯ ಟೆಂಪೋದಲ್ಲಿ ಪಂಡರಿ ಇದ್ದ.

ಟೆಂಪೋದ ಹಲಗೆಗೆ ಒರಗಿ ಕೂತಿದ್ದ. ಹಣೆಯ ಮೇಲೆ ಬೆವರು, ಕೈ ಎಡ ಪಕ್ಕೆಲುಬಿನ ಕೆಳಗೆ. ಅಕ್ಕನನ್ನು ನೋಡಿ ನಗಲು ಹೋದ. “ನನಗೇನಾಗಿಲ್ಲ ಬಿಡು ಅಕ್ಕ. ಅವರ್ನ ನೋಡು ಮೊದಲ.”

ಅವಳು ಮಣಿಕಟ್ಟು ಹಿಡಿದಳು. ನೂಲಿನಂಥ ನಾಡಿ, ತಣ್ಣನೆಯ ಕೈ. ಅರ್ಧ ನಿಮಿಷಕ್ಕೆ ಅರವತ್ತೆರಡು ಬಡಿತ, ಅಂದರೆ ನಿಮಿಷಕ್ಕೆ ನೂರಿಪ್ಪತ್ತನಾಲ್ಕು. ಅವಳ ಕೈ ತಾನಾಗಿಯೇ ಕೆಂಪು ಪಟ್ಟಿಯತ್ತ ಹೋಯಿತು.

ಆಗ ಹಿಂದಿನಿಂದ ಒಂದು ದನಿ ಬಂತು. ಮಂಠಾಳದ ಸುಮನಬಾಯಿ. ಅವಳ ಗಂಡ ಸ್ಟ್ರೆಚರಿನ ಮೇಲೆ ತನ್ನ ಸರದಿ ಕಾಯುತ್ತ ಮಲಗಿದ್ದ. “ನೋಡ್ರಿ, ನೋಡ್ರಿ! ತನ್ ತಮ್ಮನ್ನ ಮೊದಲ ಒಳಗ ಹಾಕ್ತಾಳ. ನಮ್ಮಂಥವ್ರು ಮಣ್ಣಾಗ ಬಿದ್ದಿರ್ಬೇಕು!”

ಜನ ತಿರುಗಿ ನೋಡಿದರು. ಇಪ್ಪತ್ತು ವರ್ಷದಿಂದ ಅವಳೇ ಸೂಜಿ ಚುಚ್ಚಿದ, ಹೆರಿಗೆ ಮಾಡಿಸಿದ ಜನರ ಮುಖಗಳು. ಯಶೋದಾಬಾಯಿಯ ಕಿವಿ ಬಿಸಿಯಾಯಿತು. ಕೈ ಕೆಂಪನ್ನು ಬಿಟ್ಟು ಹಳದಿಯನ್ನು ಎತ್ತಿಕೊಂಡಿತು. ಎರಡು ಗಂಟು ಹಾಕಿ, “ವರಾಂಡಕ್ಕ” ಎಂದಳು. ಅವನ ಮುಖ ನೋಡಲಿಲ್ಲ.

ಮುಂದಿನವನು ಸುಮನಬಾಯಿಯ ಗಂಡ. ಮೊಣಕಾಲು ಊದಿತ್ತು, ನಾಡಿ ಎಂಬತ್ತು, ಮಾತು ಸ್ಪಷ್ಟ. ಅವನಿಗೂ ಹಳದಿ. ಅವನಾದ ಮೇಲೆ ಇನ್ನೊಬ್ಬಳು. ಆಮೇಲೆ ಇನ್ನೊಬ್ಬ, ನಾಡಿ ನೂರಿಪ್ಪತ್ತು, ತಣ್ಣನೆಯ ಕೈ. ಅವನಿಗೆ ಅವಳು ಯೋಚಿಸದೆ ಕೆಂಪು ಕಟ್ಟಿದಳು. ಗಂಟು ಬಿಗಿದ ಮೇಲೆ ಬೆರಳುಗಳು ಅಲ್ಲೇ ನಿಂತವು. ಇವನಿಗೆ ಕೆಂಪು ಕಟ್ಟಿದವಳು ಪಂಡರಿಗೆ ಯಾಕ ಹಳದಿ ಕಟ್ಟಿದೆ?

ವರಾಂಡ ಮೂವತ್ತು ಹೆಜ್ಜೆ ದೂರವೂ ಇಲ್ಲ. ಆದರೆ ಗೇಟು ಬಿಟ್ಟು ಓಡಿದರೆ ಜನ ನುಗ್ಗುತ್ತಾರೆ. ಅವಳು ಗುಂಡಪ್ಪನ ತೋಳು ಹಿಡಿದಳು. “ಓಡು. ಕರೀಮಾ ಮೇಡಂಗ ಹೇಳು, ಯಶೋದಾಬಾಯಿ ಒಂದು ಪಟ್ಟಿ ತಪ್ಪ ಕಟ್ಯಾಳ ಅಂತ. ವರಾಂಡದಾಗ ಪಂಡರಿ ಅಂತ ಅದಾನ, ಎಡ ಪಕ್ಕಿಗೆ ಕೈ ಹಿಡ್ಕೊಂಡಾನ. ನನ್ ತಮ್ಮ ಅಂತನೂ ಹೇಳು. ಮುಚ್ಚಿಡಬ್ಯಾಡ.”

ಸುಮನಬಾಯಿ ಕೇಳಿಸಿಕೊಂಡಳು. ಗುಂಡಪ್ಪನಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

ಡಾಕ್ಟರ್ ಕರೀಮಾ ಕೈಯಲ್ಲಿ ಸ್ಟೆತೊಸ್ಕೋಪು ಹಿಡಿದು ವರಾಂಡಕ್ಕೆ ಬರುವುದು ಗೇಟಿನಿಂದಲೇ ಕಾಣಿಸಿತು. ಅವರು ಕೂತರು, ಹೊಟ್ಟೆ ಒತ್ತಿದರು, ಬಿ.ಪಿ. ಪಟ್ಟಿ ಸುತ್ತಿದರು. ಆಮೇಲೆ ಎದ್ದು ಕೂಗಿದರು: “ಭಾಗಮ್ಮಾ, ಇವನು ಕೆಂಪು! ಎರಡೂ ಕೈಗೆ ಸಲೈನ್. ಜೀಪು ಹಚ್ರಿ, ಬೀದರಿಗೆ ಇವನೇ ಮೊದಲ. ಹೊಟ್ಟಿ ಎಡಕ್ಕಿನ ಗುಲ್ಮ ಒಡದಂಗ ಕಾಣತದ, ರಕ್ತ ಒಳಗ ಸೋರಾಕತ್ತದ.”

ಅವನ ಬಿ.ಪಿ. ಎಂಬತ್ತಕ್ಕೆ ಇಳಿದಿತ್ತು ಎಂದು ಗುಂಡಪ್ಪ ವಾಪಸು ಬಂದು ಹೇಳಿದ. ಯಶೋದಾಬಾಯಿ ತಲೆಯಾಡಿಸಿ ಮುಂದಿನವರ ಮಣಿಕಟ್ಟು ಹಿಡಿದಳು. ಜೀಪು ಗೇಟು ದಾಟುವಾಗ ಹಿಂದಿನ ಸೀಟಿನಲ್ಲಿ ಸಲೈನ್ ಬಾಟಲಿ ಎತ್ತಿ ಹಿಡಿದ ಕೈಯೊಂದೇ ಕಂಡಿತು.

ಐದಕ್ಕೆ ಗೇಟು ಖಾಲಿಯಾಯಿತು. ಮಹಾರುದ್ರಪ್ಪ ತೋಳು ಮಡಚಿದ ಅಂಗಿಯಲ್ಲೇ ಬಂದು ಅವಳ ಪಕ್ಕದ ಕಟ್ಟೆಯ ಮೇಲೆ ಕೂತರು.

“ಮೊದಲ ಯಾಕ ಹೇಳಲಿಲ್ಲ, ಯಶೋದಾಬಾಯಿ?”

“ಹೇಳಿದ್ರ ನನ್ನ ತೆಗೀತಿದ್ರಿ, ಸಾಹೇಬ್ರ.”

“ತೆಗೀತಿದ್ದೆ.” ಮಡಚಿದ ತೋಳನ್ನು ಬಿಚ್ಚತೊಡಗಿದರು. “ತೆಗೆದಿದ್ರ ಬಾಕಿ ಮೂವತ್ತೆಂಟು ಮಂದಿಗೆ ಇಷ್ಟು ಸರಿ ಕಟ್ಟೋರು ಯಾರೂ ಇದ್ದಿಲ್ಲ. ತಪ್ಪು ನನ್ನ ಚೀಟಿದು. ತಮ್ಮೋರು ಬಂದ್ರ ಏನ್ ಮಾಡಬೇಕು ಅಂತ ಅದ್ರಾಗ ಬರದಿದ್ದಿಲ್ಲ. ಪೂರಾ ಗೇಟು ಬಿಡೋದು ಯಾಕ ಬೇಕು? ಆ ಒಬ್ರಿಗೆ ಮತ್ತೊಬ್ರು ಪಟ್ಟಿ ಕಟ್ಟಿದ್ರ ಸಾಕಿತ್ತು.”

“ತಮ್ಮ ಅಂತ ಜಾಸ್ತಿ ಕೊಟ್ಟಾಳ ಅಂತ ಜನ ಅಂದಾರು ಅಂತ... ಕಡಿಮಿ ಕೊಟ್ಟಬಿಟ್ಟೆ.”

“ಗೊತ್ತದ. ಆದ್ರ ನೀವ ಕರೀಮಾ ಅವರನ್ನ ಕರೆಸಿದ್ರಿ. ಅದನ್ನೂ ಎಲ್ರೂ ನೋಡ್ಯಾರ.”

ಅವರು ಜೇಬಿನಿಂದ ತಮ್ಮ ಮೂಲ ಚೀಟಿ ತೆಗೆದು, ತೊಡೆಯ ಮೇಲಿಟ್ಟು ಕೊನೆಗೆ ಒಂದು ಸಾಲು ಸೇರಿಸಿದರು: “ತಮ್ಮವರು ಬಂದರೆ ತಕ್ಷಣ ಹೇಳಿ, ಅವರ ಪಟ್ಟಿ ಇನ್ನೊಬ್ಬರು ಕಟ್ಟಲಿ.” ಓದಲು ಅವಳ ಕೈಗೆ ಕೊಟ್ಟರು. ಭೀಮಶಾ ಎರಡು ಕಪ್ ಚಹಾ ತಂದು ನಡುವೆ ಇಟ್ಟು, ಇವತ್ತು ಯಾವ ಹಾಸ್ಯವನ್ನೂ ಮಾಡದೆ ಹೋದ.

ದೀಪ ಹಚ್ಚುವ ಹೊತ್ತಿಗೆ ಬೀದರಿನ ಟ್ರಂಕ್ ಕಾಲ್ ಸಿಕ್ಕಿತು. ಮಹಾರುದ್ರಪ್ಪ ಕೇಳಿಸಿಕೊಂಡು ರಿಸೀವರನ್ನು ಅವಳತ್ತ ಚಾಚಿದರು. ಗುಲ್ಮ ತೆಗೆದಿದ್ದೇವೆ, ಮೂರು ಬಾಟಲಿ ರಕ್ತ ಕೊಟ್ಟಿದ್ದೇವೆ, ರೋಗಿಗೆ ಎಚ್ಚರ ಬರುತ್ತಿದೆ ಎಂದು ಆ ಕಡೆಯ ನರ್ಸು ಹೇಳಿದಳು.

“ಬಿ.ಪಿ. ಎಷ್ಟದರಿ?” ಎಂದು ಕೇಳಿದಳು ಯಶೋದಾಬಾಯಿ.

“ನೂರಾಹತ್ತು, ಎಪ್ಪತ್ತು.”