ಡೋಸ್ ಹೆಚ್ಚಿಸಿಕೊಂಡವಳು

"ಇವತ್ತು ಮುದುಕರು ಎಲ್ಲಿವರೆಗೆ ಬಂದ್ರು?" ಎಂದು ಕೇಳಿದೆ.

"ಮನೆ ತಲುಪಿದ್ರು. ಮಾತ್ರೆ ನುಂಗಿದ್ರು," ಎಂದಳು ಅಕ್ಕ, ಪೆನ್ನು ನಿಲ್ಲಿಸದೆ.

"ನಿನ್ನೆ ಇನ್ನೂ ಬಸ್‌ಸ್ಟಾಪಲ್ಲೇ ಇದ್ರಲ್ಲ?"

"ಅದು ನಿನ್ನೆ."

ಬೆಳಗಾಗಿ ಅರ್ಧ ಗಂಟೆಯಾಗಿರಲಿಲ್ಲ. ಅವಳು ಮುಖ ತೊಳೆದಿರಲಿಲ್ಲ, ಒಲೆಯ ಮೇಲಿನ ಹಾಲು ಉಕ್ಕಿ ಬತ್ತಿ ಕರಕಲಾಗಿತ್ತು. ನಾನು ಪಾತ್ರೆ ಉಜ್ಜಲು ಕೂತೆ. ಬೈದರೆ ಅದನ್ನೂ ಬರೆಯುತ್ತಾಳೆ ಎಂಬ ಭಯಕ್ಕೆ ಬಾಯಿ ಮುಚ್ಚಿಕೊಂಡಿದ್ದೆ.

ಅದೆಲ್ಲ ಅವಳ ಹಾಳೆಯ ಮೇಲಷ್ಟೇ; ಆ ಮುದುಕರು ನಿಜವಾಗಿ ತಪ್ಪು ಮಾತ್ರೆ ನುಂಗಿರಲಿಲ್ಲ. ಅಕ್ಕ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಫಾರ್ಮಸಿಸ್ಟ್. ನಾನು ಅದೇ ಕಟ್ಟಡದ ಹಿಂಬದಿಯಲ್ಲಿ ಎಕ್ಸ್‌ರೇ ತೆಗೆಯುವವಳು. ಬೇಸಿಗೆಯ ಒಂದು ದಿನ ಅವಳು ಒಬ್ಬ ಮುದುಕರಿಗೆ ಬಿಪಿ ಮಾತ್ರೆ ಕೊಡುವಾಗ ಇಮ್ಮಡಿ ಶಕ್ತಿಯದನ್ನು ಕೊಟ್ಟುಬಿಟ್ಟಳು. ಎರಡರ ಡಬ್ಬಿಯೂ ಒಂದೇ ನೀಲಿ. ಅವರು ಮೆಟ್ಟಿಲಿಳಿಯುವಷ್ಟರಲ್ಲಿ ಗೊತ್ತಾಗಿ, ಗೇಟಿನವರೆಗೆ ಓಡಿ ಬದಲಾಯಿಸಿದಳು. "ಓಡಿ ಬರೋದ್ಯಾಕಮ್ಮ, ಕೂಗಿದ್ರೆ ನಿಲ್ತಿದ್ದೆ," ಎಂದು ಅವರು ನಕ್ಕು ಹೋದರು. ಅಲ್ಲಿಗೆ ಮುಗಿಯಿತು, ಅಕ್ಕನೊಬ್ಬಳನ್ನು ಬಿಟ್ಟು ಎಲ್ಲರಿಗೂ.

ಮಾರನೆಯ ದಿನದಿಂದ ಅವಳು ಒಂದೊಂದು ಮಾತ್ರೆ ಪಟ್ಟಿಯನ್ನೂ ತಿರುಗಿಸಿ ತಿರುಗಿಸಿ ಓದತೊಡಗಿದಳು. ಕೊಟ್ಟ ಪೊಟ್ಟಣವನ್ನು ವಾಪಸು ಇಸಿದುಕೊಂಡು ಮತ್ತೆ ನೋಡುವಳು. ಸಾಲು ಬಾಗಿಲು ದಾಟಿ ಹೊರಗೆ ಬಂತು. ಅವಳ ಮೇಲಿನವರು, ನಾವೆಲ್ಲ ಯಜಮಾನರು ಎಂದು ಕರೆಯುತ್ತಿದ್ದವರು, ತಲೆ ಚಚ್ಚಿಕೊಂಡರು: "ತಾಯಿ, ನೀವು ಕೊಡ್ತಿರೋದು ಮಾತ್ರೆ, ಹೆಣ್ಣಲ್ಲ. ಇಷ್ಟು ವಿಚಾರಿಸ್ತಾ ಕೂತ್ರೆ ಹೇಗೆ?"

ಅದೇ ದಿನಗಳಲ್ಲಿ ಆಸ್ಪತ್ರೆಯ ಆಪ್ತಸಮಾಲೋಚಕಿ ಸಿಬ್ಬಂದಿಯನ್ನೆಲ್ಲ ಕೂರಿಸಿ ಮಾತಾಡಿದ್ದರು. ಮನಸ್ಸಿಗೆ ಕೊರೆಯುವುದನ್ನು ಒಂದು ಹದಿನೈದು ನಿಮಿಷ ಬರೆಯಿರಿ, ಮೂರು ನಾಲ್ಕು ದಿನ ಸಾಕು. ಕಾಗುಣಿತ ನೋಡಬೇಡಿ, ಯಾರಿಗೂ ತೋರಿಸಬೇಡಿ, ಬೇಕಿದ್ದರೆ ಹರಿದು ಹಾಕಿ. ಬರೆದ ಮೇಲೆ ಸ್ವಲ್ಪ ಹೊತ್ತು ಮಂಕಾಗಬಹುದು, ಅದು ಕಳೆಯುತ್ತೆ. ಕಳೆಯದೆ ಹೆಚ್ಚುತ್ತ ಹೋದರೆ, ಬರೆಯುವುದೇ ತಡೆಯಲಾಗದಂತಾದರೆ ಅಲ್ಲೇ ನಿಲ್ಲಿಸಿ ನನ್ನ ಹತ್ತಿರ ಬನ್ನಿ.

ಅಕ್ಕ ಬರೆದಳು. ನಾಲ್ಕು ದಿನಕ್ಕೆ ನಿಜವಾಗಿಯೂ ಗುಣ ಕಂಡಿತು. "ನಾನು ಹೆದರಿದ್ದು ಮುದುಕರಿಗೆ ಏನಾಗುತ್ತೋ ಅಂತಲ್ಲ ಕಣೇ. ಹತ್ತು ವರ್ಷದಿಂದ ತಪ್ಪೇ ಮಾಡದವಳು ಅಂತ ಹೆಸರಿತ್ತಲ್ಲ, ಅದು ಹೋಯ್ತಲ್ಲಾ ಅಂತ," ಎಂದಳು. ಚೆನ್ನಾಗಿ ನಿದ್ದೆ ಮಾಡಿದಳು. ಪೆನ್ನು ಮುಚ್ಚಿಡಬೇಕಾದ್ದು ಆಗಲೇ.

ಅವಳು ಫಾರ್ಮಸಿಸ್ಟ್. ನಾಲ್ಕು ದಿನಕ್ಕೆ ಇಷ್ಟು ಗುಣವಾದರೆ ಕೋರ್ಸ್ ಮುಂದುವರಿಸಿದರೆ ಎಷ್ಟಾಗಬೇಡ ಎಂದು ಲೆಕ್ಕ ಹಾಕಿದಳು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ಆಮೇಲೆ ಊಟದ ಬಿಡುವಿನಲ್ಲೂ. ಹದಿನೈದು ನಿಮಿಷ ಮುಕ್ಕಾಲು ಗಂಟೆಯಾಯಿತು. ಬರೆಯಲು ಹೊಸದೇನೂ ಸಿಗದ ಕಾರಣ, ಹಾಳೆಯ ಮೇಲೆ ಮುದುಕರನ್ನು ತಪ್ಪು ಮಾತ್ರೆಯ ಸಮೇತ ಗೇಟು ದಾಟಿಸಿದಳು. ಬಸ್ಸು ಹತ್ತಿಸಿದಳು. ಬರೆದಷ್ಟೂ ಅವಳ ಎದೆ ಹೊಡೆದುಕೊಳ್ಳುತ್ತಿತ್ತು, ಎದೆ ಹೊಡೆದುಕೊಂಡಷ್ಟೂ ಬರೆಯುತ್ತಿದ್ದಳು. ಮುಗಿಸಿ ನನಗೆ ಓದಿ ಹೇಳುವುದು ಬೇರೆ. ಯಾರಿಗೂ ತೋರಿಸಬೇಡಿ ಎಂದಿದ್ದ ಮಾತು ಅವಳಿಗೆ ಮರೆತೇ ಹೋಗಿತ್ತು, ನನಗೆ ನೆನಪಿತ್ತು.

"ಆ ಮೇಡಂ ಹತ್ರ ಹೋಗೇ," ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು.

"ಹೋದ್ರೆ ಇವಳಿಗೆ ತಲೆ ಕೆಟ್ಟಿದೆ ಅಂತಾರೆ. ತಲೆ ಕೆಟ್ಟವಳ ಕೈಗೆ ಮಾತ್ರೆ ಕೊಡ್ತಾರಾ? ಕೌಂಟರ್ ತಪ್ಪಿಸಿ ಗೋಡೌನಿಗೆ ಹಾಕ್ತಾರೆ."

ಅವಳಿಗೆ ಇದ್ದದ್ದು ಆ ಕೌಂಟರ್ ಒಂದೇ. ಕಾಯಿಲೆಯವರು ಅವಳ ಕಿಟಕಿಯ ಮುಂದೆಯೇ ಸಾಲುಗಟ್ಟುತ್ತಿದ್ದ ದಿನಗಳನ್ನು ಕಂಡಿದ್ದವಳು ನಾನು. ಅದಕ್ಕೇ ಗಟ್ಟಿಯಾಗಿ ಒತ್ತಾಯಿಸಲೂ ಆಗುತ್ತಿರಲಿಲ್ಲ.

ಹಾಲು ಕರಕಲಾದ ಆ ದಿನವೇ ಮಧ್ಯಾಹ್ನಕ್ಕೆ ಮುಂಚೆ ಯಜಮಾನರು ಎಕ್ಸ್‌ರೇ ಕೋಣೆಯ ಬಾಗಿಲು ತಟ್ಟಿದರು.

"ನಿಮ್ಮಕ್ಕನ್ನ ನೋಡು ಬಾ. ಸ್ಟೋರಲ್ಲಿ ಕೂತಿದ್ದಾಳೆ, ಕರೆದ್ರೆ ಬರ್ತಿಲ್ಲ. ನನಗಂತೂ ಸಾಕಾಗಿದೆ."

"ಏನಾಯ್ತು ಸಾರ್?"

"ಯಾರೋ ತಾತ ಬಂದ್ರು, ಮಾಮೂಲಿ ಬಿಪಿ ಮಾತ್ರೆಗೆ. ಚೆನ್ನಾಗಿದೀಯೇನಮ್ಮ ಅಂದ್ರು, ಅಷ್ಟೇ. ಇವಳು ಸತ್ತವರನ್ನ ನೋಡಿದ ಹಾಗೆ ನೋಡಿ ಒಳಗೆ ಓಡಿದ್ಳು."

ಸ್ಟೋರಿನಲ್ಲಿ ಗ್ಲೂಕೋಸ್ ಬಾಟಲಿಗಳ ಪೆಟ್ಟಿಗೆಗಳ ನಡುವೆ ನೆಲದ ಮೇಲೆ ಕೂತಿದ್ದಳು. ತೊಡೆಯ ಮೇಲೆ ಹರಿದ ರಟ್ಟಿನ ಚೂರು, ಅದರ ಮೇಲೆ ಪೆನ್ನು ಓಡುತ್ತಿತ್ತು. ಅಕ್ಷರಗಳೆಲ್ಲ ಒಂದರ ಮೇಲೊಂದು ಬಿದ್ದಿದ್ದವು.

"ಅಕ್ಕಾ, ಆ ಮುದುಕರು ಬದುಕಿದಾರೆ. ಹೊರಗೆ ನಿಂತು ಚಿಲ್ಲರೆ ಹುಡುಕ್ತಿದಾರೆ."

"ಗೊತ್ತು," ಎಂದಳು. ಉಸಿರು ಮೇಲೆ ಮೇಲೆ ಬರುತ್ತಿತ್ತು. "ಗೊತ್ತಿದ್ರೂ ಕೈ ನಿಲ್ತಿಲ್ಲ. ಇದೊಂದು ಬರೆದುಬಿಟ್ರೆ ಸರಿಹೋಗುತ್ತೆ."

ನನಗೆ ರೇಗಿತು. ಬೈಯಬೇಕೆಂದು ಬಾಯಿ ತೆರೆದವಳು ಬೇರೆಯೇ ಮಾತಾಡಿದೆ.

"ಮೇಡಂ, ನಾನೊಬ್ಬ ಪೇಷೆಂಟು. ಒಂದು ಔಷಧಿ ನಾಲ್ಕು ದಿನ ತಗೊಳ್ಳಿ ಅಂದಿದ್ರು. ಒಳ್ಳೇದಾಯ್ತು. ಅದಕ್ಕೆ ಬಿಡಲೇ ಇಲ್ಲ, ದಿನಕ್ಕೆ ಮೂರು ಸಲ ಮಾಡ್ಕೊಂಡೆ. ಈಗ ನಿದ್ದೆ ಇಲ್ಲ, ಊಟ ಇಲ್ಲ, ಎದೆ ಡವಡವ ಅನ್ನುತ್ತೆ. ಇನ್ನೊಂದು ಡೋಸ್ ಕೊಡ್ತೀರಾ?"

ಅವಳು ನನ್ನನ್ನು ಸುಡುವಂತೆ ನೋಡಿದಳು. "ನಾಟಕ ಆಡ್ಬೇಡ."

"ಕೊಡ್ತೀರಾ, ಇಲ್ವಾ?"

ರಟ್ಟಿನ ಮೇಲೆ ಪೆನ್ನು ನಿಂತಿತು. ಹೊರಗೆ ಯಾರೋ ಕಿಟಕಿಯ ಗಾಜು ಕುಟ್ಟುತ್ತಿದ್ದರು.

"ಇಲ್ಲ," ಎಂದಳು ಕೊನೆಗೆ. "ನಿಲ್ಸಿ, ಡಾಕ್ಟ್ರನ್ನ ನೋಡಿ ಅಂತೀನಿ."

"ಮತ್ತೆ? ಏಳು, ಆ ಮೇಡಂ ಹತ್ರ ಹೋಗೋಣ."

"ಕೌಂಟರು ಹೋದ್ರೆ?" ಎಂದಳು.

ಬಾಗಿಲಲ್ಲಿ ನಿಂತಿದ್ದ ಯಜಮಾನರು ಗೊಣಗಿದರು: "ಅಯ್ಯೋ, ಆ ಕೌಂಟರಿಗೆ ಕಾಲಿದೆಯಾ ಓಡಿಹೋಗೋಕೆ? ಕಾಲು ಮುರಿದವರು ರಜೆ ಹಾಕಲ್ವಾ? ಹೋಗಿ ಬನ್ನಿ ತಾಯಿ. ಅಲ್ಲೀವರೆಗೂ ಈ ಸಾಲಿನ ಹತ್ರ ಬೈಸಿಕೊಳ್ಳೋಕೆ ನಾನಿದೀನಿ."

ಸಮಾಲೋಚಕಿಯ ಕೋಣೆಯ ಮುಂದಿನ ಬೆಂಚಿನಲ್ಲಿ ಕೂತೆವು. ಅಕ್ಕ ಒಮ್ಮೆ ಎದ್ದಳು, ನೀರು ಬೇಕು ಎಂದು. ಇನ್ನೊಮ್ಮೆ ಎದ್ದಳು, ಸಾಲು ಎಷ್ಟಿದೆ ನೋಡಿ ಬರುತ್ತೇನೆ ಎಂದು. ಎರಡು ಸಲವೂ ಸೆರಗು ಹಿಡಿದು ಕೂರಿಸಿದೆ. ದನ ಕಟ್ಟಿದ ಹಾಗೆ ಕಟ್ಟಬೇಕಿತ್ತು.

ಸಮಾಲೋಚಕಿ ಎಲ್ಲವನ್ನೂ ಕೇಳಿದರು. ಆ ಹೊತ್ತಿಗೆ ಅಕ್ಕನ ಉಸಿರು ಸ್ವಲ್ಪ ತಗ್ಗಿತ್ತು.

"ಬರೆದದ್ದು ತಪ್ಪಲ್ಲ," ಎಂದರು. "ಮೊದಲ ನಾಲ್ಕು ದಿನ ನಿಮಗೇ ಗೊತ್ತಿಲ್ಲದ್ದೊಂದು ಗೊತ್ತಾಯ್ತಲ್ಲ, ಅದು ಕೆಲಸ ಮಾಡಿದೆ. ಆಮೇಲೆ ಬರೆದದ್ದು ಚಿಂತೆಯನ್ನೇ. ಪೆನ್ನು ಹಿಡಿದು ಚಿಂತೆ ಮಾಡಿದ್ರೂ ಚಿಂತೇನೇ. ಸದ್ಯಕ್ಕೆ ಬರೆಯೋದು ಬೇಡ. ನಿದ್ದೆ, ಎದೆಬಡಿತ ಇಷ್ಟಾಗಿರೋದ್ರಿಂದ ಮನೋವೈದ್ಯರನ್ನೂ ಒಂದು ಸಲ ನೋಡಿಬಿಡಿ, ಇವತ್ತೇ ಇದ್ದಾರೆ. ನನ್ನ ಹತ್ರ ವಾರ ವಾರ ಬನ್ನಿ."

"ಬರೆಯೋದು ನಿಲ್ಸಿದ್ರೆ ತಲೇಲಿ ಓಡೋದು ನಿಲ್ಲುತ್ತಾ?"

"ತಕ್ಷಣ ನಿಲ್ಲಲ್ಲ. ಅದಕ್ಕೇ ವಾರ ವಾರ ಬನ್ನಿ ಅಂದಿದ್ದು, ಒಬ್ಬರೇ ಇರಲೂಬೇಡಿ. ಪ್ರಾಣ ಬೇಡ ಅನ್ನೋ ಯೋಚನೆ ಯಾವತ್ತಾದ್ರೂ ಬಂದಿದೆಯಾ?"

ನಾನು ಇಷ್ಟು ದಿನ ಹಾಲು, ಪಾತ್ರೆ, ಮುದುಕರು ಎಂದು ಗೊಣಗಿದ್ದೆನೇ ಹೊರತು ಇದನ್ನು ಕೇಳಿರಲಿಲ್ಲ.

"ಇಲ್ಲ," ಎಂದಳು ಅಕ್ಕ. "ಅಷ್ಟಿಲ್ಲ. ಸುಸ್ತಾಗಿದೆ."

"ಬಂದ್ರೆ ವಾರ ಕಾಯ್ಬೇಡಿ. ಆಗಲೇ ಬನ್ನಿ, ಇಲ್ಲ ನಿಮ್ಮ ತಂಗಿಗೆ ಹೇಳಿ."

ಮನೋವೈದ್ಯರ ಬಾಗಿಲಲ್ಲಿ ಇನ್ನೂ ಉದ್ದದ ಸಾಲಿತ್ತು. ನನ್ನ ಫೋನು ಬಡಿದುಕೊಂಡಿತು. ಕೈ ಮುರಿದುಕೊಂಡ ಯಾರೋ ಎಕ್ಸ್‌ರೇಗೆ ಕಾಯುತ್ತಿದ್ದರು.

"ಹೋಗು," ಎಂದಳು ಅಕ್ಕ.

"ಹೋದ್ರೆ ನೀನು ಎದ್ದು ಓಡ್ತೀಯ."

"ಓಡೋಕೆ ಶಕ್ತಿ ಎಲ್ಲಿದೆ? ಹೋಗೇ, ತಲೆ ತಿನ್ಬೇಡ."

ಹೋದೆ. ಮೂಳೆ ಎರಡು ಕಡೆ ಮುರಿದಿತ್ತು, ಆಸಾಮಿ ನೆಟ್ಟಗೆ ಕೈ ಇಡಲೇ ಒಪ್ಪಲಿಲ್ಲ, ತಡವಾಯಿತು. ಏದುಸಿರು ಬಿಡುತ್ತ ವಾಪಸು ಬಂದಾಗ ಬೆಂಚಿನಲ್ಲಿ ಅಕ್ಕ ಇರಲಿಲ್ಲ. ಅವಳಿಗೆ ಬಾಯಿತುಂಬ ಬೈಗುಳ ಸಿದ್ಧವಾಯಿತು. ಅಷ್ಟರಲ್ಲಿ ಮುಚ್ಚಿದ ಬಾಗಿಲ ಆಚೆಯಿಂದ ಅವಳ ದನಿ ಕೇಳಿಸಿತು. ತನಗೆ ಬರೆದುಕೊಟ್ಟ ಮಾತ್ರೆಯ ಹೆಸರು ಹೇಳಿ, ಅದರ ಅಡ್ಡಪರಿಣಾಮ ಏನೇನು ಎಂದು ಡಾಕ್ಟರನ್ನೇ ಕೂರಿಸಿ ವಿಚಾರಿಸುತ್ತಿದ್ದಳು.

ನಾನು ಬೆಂಚಿನ ಮೇಲೆ ಕೂತೆ. ಇನ್ನು ಬೇಗ ಮುಗಿಯುವ ಹಾಗಿರಲಿಲ್ಲ.